ಹೆಡ್ ಮೇಷ್ಟ್ರ ಮೇಜಿಗೆ ಬಂದ ಮನವಿ



ದಸರಾ ರಜೆ ಮುಗಿದು ಶಾಲೆ ಮತ್ತೆ ಶುರುವಾಯಿತೆಂದರೆ ಹೆಡ್ ಮೇಷ್ಟ್ರ ಮೇಜಿಗೆ ಒಂದು ಜಾತಿಯ ಕಾಗದಗಳು ಬರತೊಡಗುತ್ತವೆ. ವಿಷಯದ ಸಾಲು ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ: ಒಂದು ದಿನದ ಶೈಕ್ಷಣಿಕ ಕ್ಷೇತ್ರ ಭೇಟಿಗೆ ಅನುಮತಿ ಮತ್ತು ಸಹಕಾರ ಕೋರಿ. ಕೆಳಗೆ ನಾಲ್ಕು ಸಾಲು. ಮಕ್ಕಳ ಜ್ಞಾನಾಭಿವೃದ್ಧಿಗೆ ಪ್ರವಾಸ ಬಹಳ ಉಪಯುಕ್ತ, ಆದಕಾರಣ ತಾವು ದಯಮಾಡಿ ಅನುಮತಿ ನೀಡಬೇಕು, ವಂದನೆಗಳೊಂದಿಗೆ, ಇಂತಿ ತಮ್ಮ ವಿಶ್ವಾಸಿ. ಎಸ್ಸೆಸ್ಸೆಲ್ಸಿ ಕನ್ನಡ ಪತ್ರಿಕೆಯಲ್ಲಿ ಈ ಪತ್ರಕ್ಕೆ ಪೂರ್ಣ ಅಂಕ ಬರಬಹುದು. ಇಂದ, ಗೆ, ಮಾನ್ಯರೇ, ಎಲ್ಲವೂ ಅದರದರ ಜಾಗದಲ್ಲೇ ಇರುತ್ತವೆ. ಆದರೆ ಹೆಡ್ ಮೇಷ್ಟ್ರು ಅದರ ಮೇಲೆ ರುಜು ಹಾಕಲಾರರು. ಅವರು ಮಾಡುವುದಿಷ್ಟೇ: ಕಾಗದವನ್ನು ಪೇಪರ್‌ವೇಟಿನ ಕೆಳಗಿಟ್ಟು, "ನೋಡೋಣ ಮೇಷ್ಟ್ರೇ" ಅನ್ನುತ್ತಾರೆ.

ಆ ಕುರ್ಚಿಯಲ್ಲಿ ಕೂತು ನಿವೃತ್ತನಾದವನು ನಾನು. ಈ "ನೋಡೋಣ" ಸೋಮಾರಿತನದಿಂದ ಬರುವ ಮಾತಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ರುಜು ಬಿದ್ದ ಕ್ಷಣದಿಂದ ಆ ದಿನದ ಹೊಣೆಯೆಲ್ಲ ರುಜು ಹಾಕಿದವರದು. 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆಂದು ಮುರುಡೇಶ್ವರಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಕಡಲಿನಲ್ಲಿ ಮುಳುಗಿ ತೀರಿಕೊಂಡರು. ಅದಾದಮೇಲೆ ಯಾವ ಮುಖ್ಯಶಿಕ್ಷಕರೂ ಪ್ರವಾಸದ ಕಾಗದವನ್ನು ಮೊದಲಿನಷ್ಟು ಹಗುರವಾಗಿ ಓದಲಾರರು. ಪತ್ರ ನೋಡುವಾಗ ಅವರ ಕಿವಿಯಲ್ಲಿ ಮೂರು ಜನ ಮಾತಾಡುತ್ತಿರುತ್ತಾರೆ. "ನನ್ನ ಮಗಳು ಎಷ್ಟು ಹೊತ್ತಿಗೆ ಮನೆಗೆ ಬರ್ತಾಳೆ ಸಾರ್?" ಅನ್ನುವ ತಾಯಿ ಒಬ್ಬರು. "ದುಡ್ಡಿನ ಲೆಕ್ಕ ಎಲ್ಲಿ?" ಅನ್ನುವ ಎಸ್‌ಡಿಎಂಸಿ ಅಧ್ಯಕ್ಷರು ಇನ್ನೊಬ್ಬರು. "ಯಾವ ಪಾಠಕ್ಕೆ ಸಂಬಂಧಪಟ್ಟದ್ದು? ನಮ್ಮ ಕಚೇರಿಗೆ ಯಾವಾಗ ಬರೆದಿರಿ?" ಎಂದು ಕೇಳುವ ಇಲಾಖೆಯ ಅಧಿಕಾರಿ ಮೂರನೆಯವರು. ಈ ಮೂವರಿಗೂ ಹೆಡ್ ಮೇಷ್ಟ್ರು ಪತ್ರದಲ್ಲಿ ಬೆರಳಿಟ್ಟು ಉತ್ತರ ತೋರಿಸುವಂತಿದ್ದರೆ ರುಜು ತಾನಾಗಿ ಬೀಳುತ್ತದೆ.

ಹಾಗಾಗಿ ಇವತ್ತು ಒಂದು ಪತ್ರವನ್ನೇ ಎದುರಿಗಿಟ್ಟುಕೊಂಡು ಕಟ್ಟಿ ನೋಡೋಣ. ಚಳ್ಳಕೆರೆ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆ ಎಂದಿಟ್ಟುಕೊಳ್ಳಿ. ಎಂಟನೇ ತರಗತಿಯಲ್ಲಿ 42 ಮಕ್ಕಳು, ಅವರಲ್ಲಿ 24 ಹುಡುಗಿಯರು. ಸಮಾಜ ವಿಜ್ಞಾನದ ಶಿಕ್ಷಕಿ ಮೌರ್ಯರ ಪಾಠ ಮುಗಿಸಿದ್ದಾರೆ. ಮಕ್ಕಳನ್ನು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಕರೆದುಕೊಂಡು ಹೋಗಬೇಕೆಂದು ಅವರ ಮನಸ್ಸು.

ಮೊದಲ ಕೆಲಸ, ಉದ್ದೇಶ ಬರೆಯುವುದು. ಹೆಚ್ಚಿನವರು ಎಡವುವುದು ಇಲ್ಲಿಯೇ. "ಐತಿಹಾಸಿಕ ಸ್ಥಳಗಳ ಪರಿಚಯ" ಎಂದು ಬರೆದರೆ ಹಂಪಿಗೂ ಅದೇ, ಮೈಸೂರಿಗೂ ಅದೇ, ಇಲ್ಲಿಗೂ ಅದೇ. ಅಲ್ಲಿಗೇ ಯಾಕೆ ಹೋಗಬೇಕು, ತರಗತಿಯಲ್ಲಿ ಆಗದ್ದು ಅಲ್ಲಿ ಏನಾಗುತ್ತದೆ ಎಂದು ಎರಡು ಮೂರು ವಾಕ್ಯಗಳಲ್ಲಿ ಹೇಳಬೇಕು. ಬ್ರಹ್ಮಗಿರಿಯ ಮಟ್ಟಿಗೆ ಅದು ಕಷ್ಟವಲ್ಲ. 1892ರಲ್ಲಿ ಬಿ.ಎಲ್. ರೈಸ್ ಅವರು ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಬೆಟ್ಟ ಈ ಮೂರು ಕಡೆ ಅಶೋಕನ ಶಾಸನಗಳನ್ನು ಗುರುತಿಸಿದರು. ಮೂರೂ ಒಂದಕ್ಕೊಂದು ಹತ್ತಿರ. ಬ್ರಹ್ಮಗಿರಿಯ ಬಂಡೆಗೆ ಊರವರು ಇಟ್ಟ ಹೆಸರು ಅಕ್ಷರಗುಂಡು.

ಆ ಬಂಡೆಯ ಮೇಲಿರುವುದೇ ಒಂದು ಕಚೇರಿ ಪತ್ರ! ಸುವರ್ಣಗಿರಿಯಿಂದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಕಳಿಸಿದ್ದು. ಮೊದಲು ಯಾರಿಂದ, ಆಮೇಲೆ ಯಾರಿಗೆ, ಆಮೇಲೆ ನಿಮ್ಮ ಆರೋಗ್ಯ ಚೆನ್ನಾಗಿದೆಯಷ್ಟೆ ಎಂಬ ಕುಶಲ, ಅದಾದ ಮೇಲೆ ದೊರೆಯ ಮಾತು. ಮೇಲಿನ ಕಚೇರಿಯ ಆದೇಶವನ್ನು ನಡುವಿನ ಕಚೇರಿ ಕೆಳಗಿನ ಕಚೇರಿಗೆ ರವಾನಿಸುವ ಪದ್ಧತಿ ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲೇ ನಮ್ಮ ಚಿತ್ರದುರ್ಗ ಸೀಮೆಗೆ ಬಂದಿತ್ತು ಎಂದಾಯಿತು. ಒಳಗಿನ ಮಾತು ತಂದೆತಾಯಿಯರ ಸೇವೆ, ಪ್ರಾಣಿಗಳಲ್ಲಿ ದಯೆ, ಸತ್ಯ ನುಡಿಯುವುದು, ಶಿಷ್ಯನು ಆಚಾರ್ಯನನ್ನು ಗೌರವಿಸುವುದು. ಈ ಕೊನೆಯದನ್ನು ಪತ್ರದಲ್ಲಿ ಸೇರಿಸಿದರೆ ಹೆಡ್ ಮೇಷ್ಟ್ರಿಗೆ ಬೇಸರವೇನೂ ಆಗದು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಬರೆದವನ ಹೆಸರು ಚಪಡ. ಅವನು ತಾನು ಲಿಪಿಕಾರ ಎಂದು ಹೇಳಿಕೊಳ್ಳುವ ಆ ಒಂದು ಪದವನ್ನು ಮಾತ್ರ ಖರೋಷ್ಠಿಯಲ್ಲಿ, ಎಂದರೆ ಬಲದಿಂದ ಎಡಕ್ಕೆ ಬರೆಯುವ ವಾಯವ್ಯ ಭಾರತದ ಲಿಪಿಯಲ್ಲಿ, ಕೊರೆದಿದ್ದಾನೆ. ತನಗೆ ಅದೂ ಬರುತ್ತದೆ ಎಂದು ತೋರಿಸಿಕೊಳ್ಳುವ ಆಸೆ ಇದ್ದೀತು ಎಂದು ನನ್ನ ಊಹೆ.

ಪಠ್ಯಪುಸ್ತಕದ ಚಿತ್ರದಲ್ಲಿ ಇದೆಲ್ಲ ಅರ್ಧ ಅಂಗುಲದ ಕಪ್ಪು ಗೆರೆ. ಆದ್ದರಿಂದ ಶಿಕ್ಷಕಿ ಹೀಗೆ ಬರೆಯಬಹುದು: "ಮೌರ್ಯರ ಪಾಠದ ಮುಂದುವರಿಕೆಯಾಗಿ, ಮಕ್ಕಳು ತರಗತಿಯಲ್ಲಿ ಕಲಿತ ಹನ್ನೆರಡು ಬ್ರಾಹ್ಮಿ ಅಕ್ಷರಗಳನ್ನು ಬ್ರಹ್ಮಗಿರಿಯ ಶಾಸನದಲ್ಲಿ ಹುಡುಕಿ ಗುರುತಿಸುವರು. ಅದೇ ಒಕ್ಕಣೆ ಸಿದ್ದಾಪುರದ ಬಂಡೆಯಲ್ಲೂ ಇರುವುದರಿಂದ ಎರಡನ್ನೂ ಹೋಲಿಸಿ, ಯಾವ ಬಂಡೆಯಲ್ಲಿ ಅಕ್ಷರ ಹೆಚ್ಚು ಸವೆದಿದೆ, ಸಾಲು ಎಲ್ಲಿ ಒಡೆದಿದೆ ಎಂದು ಟಿಪ್ಪಣಿ ಮಾಡುವರು." ಇಷ್ಟಾದರೆ ಸಾಕು. ಮಕ್ಕಳು ಅಲ್ಲಿ ಹೋಗಿ ಕೈಯಿಂದ ಮಾಡುವ ಕೆಲಸ ಯಾವುದು ಎಂದು ಕಾಣುತ್ತದೆ. ಕೆಲಸ ಕಾಣದ ಉದ್ದೇಶವನ್ನು ಅಧಿಕಾರಿಗಳು ವಿಹಾರ ಎಂದೇ ಓದುತ್ತಾರೆ. ಅದರಲ್ಲಿ ಅವರ ತಪ್ಪಿಲ್ಲ.

ಎರಡನೆಯದು ವೇಳಾಪಟ್ಟಿ. ಒಂದು ದಿನ ಎಂದರೆ ಬೆಳಕಿರುವ ದಿನ. ಬೆಳಿಗ್ಗೆ ಏಳೂವರೆಗೆ ಶಾಲೆಯಿಂದ ಹೊರಡುವುದು, ಸಂಜೆ ಆರರೊಳಗೆ ಶಾಲೆಯ ಗೇಟಿಗೆ ವಾಪಸ್ಸು. ಈ ನಡುವೆ ಏನು ಹಿಡಿಸುತ್ತದೆ ಎಂದು ಲೆಕ್ಕ ಹಾಕಿದರೆ ಮೂರು ಶಾಸನಗಳಲ್ಲಿ ಒಂದನ್ನು ಬಿಡಬೇಕಾಗುತ್ತದೆ. ಬಿಡಬೇಕಾದ್ದು ಜಟಿಂಗ ರಾಮೇಶ್ವರ. ಅದು ಕಡಿದಾದ ಬೆಟ್ಟ, ಹತ್ತಿ ಇಳಿಯುವುದರಲ್ಲೇ ಅರ್ಧ ದಿನ ಕಳೆಯುತ್ತದೆ. ಶಾಸನ ಬೇರೆ ತೀರ ಸವೆದಿದೆ, ಹತ್ತಿ ಹೋದ ಮಕ್ಕಳಿಗೆ ಓದಲು ಸಿಗುವುದು ಕಡಿಮೆ. "ಜಟಿಂಗ ರಾಮೇಶ್ವರವನ್ನು ಈ ಕಾರಣಕ್ಕೆ ಕೈಬಿಟ್ಟಿದೆ" ಎಂಬ ಒಂದು ಸಾಲು ಪತ್ರದಲ್ಲಿದ್ದರೆ ಅದರ ತೂಕವೇ ಬೇರೆ. ಬರೆದವರು ಜಾಗವನ್ನು ತಿಳಿದು ಬರೆದಿದ್ದಾರೆ ಎಂದು ಓದಿದವರಿಗೆ ಗೊತ್ತಾಗುತ್ತದೆ. ಒಂದೇ ದಿನಕ್ಕೆ ಕೋಟೆ, ಶಾಸನ, ಡ್ಯಾಮು, ಮಠ ಎಂದು ಐದು ಜಾಗ ತುಂಬಿದ ಪಟ್ಟಿಗಳನ್ನು ನಾನು ಬಹಳ ನೋಡಿದ್ದೇನೆ. ಹಾಗೆ ಹೋದವರು ನೋಡುವುದು ಬಸ್ಸಿನ ಕಿಟಕಿಯನ್ನು. ಕೊನೆಯ ಜಾಗ ಮುಟ್ಟುವಾಗ ಕತ್ತಲಾಗಿರುತ್ತದೆ, ತೊಂದರೆಗಳೂ ಆ ಹೊತ್ತಿಗೇ ಬರುತ್ತವೆ.

ಇಟ್ಟುಕೊಳ್ಳಬೇಕಾದ್ದು ಎರಡು. ಬೆಳಿಗ್ಗೆ ಬ್ರಹ್ಮಗಿರಿಯಲ್ಲಿ ಎರಡೂವರೆ ಗಂಟೆ. ಅಲ್ಲಿ ಶಾಸನ ಒಂದೇ ಅಲ್ಲ. 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದ ಜಾಗ ಅದು. ನಯಗೊಳಿಸಿದ ಕಲ್ಲುಕೊಡಲಿಯ ಜನ, ಅವರ ನಂತರ ಕಬ್ಬಿಣ ಬಳಸಿದ ಬೃಹತ್ ಶಿಲಾಗೋರಿಗಳ ಜನ, ಆಮೇಲೆ ಶಾತವಾಹನರ ಕಾಲದವರು ಎಂದು ಒಂದರ ಮೇಲೊಂದು ಮೂರು ಪದರಗಳನ್ನು ಅವರು ಗುರುತಿಸಿದರು. ನಾಲ್ಕು ಚಪ್ಪಡಿ ನಿಲ್ಲಿಸಿ ಮೇಲೊಂದು ಮುಚ್ಚಿದ ಗೋರಿಗಳು, ಅವುಗಳ ಪೂರ್ವದ ಚಪ್ಪಡಿಯಲ್ಲಿ ಕೊರೆದ ದುಂಡನೆಯ ಕಂಡಿ, ಇವನ್ನು ಮಕ್ಕಳು ಅಳೆದು ಬರೆದುಕೊಳ್ಳಬಹುದು. ಅಳೆಯುವ ಟೇಪು ಎರಡು ಸಾಕು. ಊಟ ಮುಗಿಸಿ ಮಧ್ಯಾಹ್ನ ಸಿದ್ದಾಪುರದಲ್ಲಿ ಒಂದೂವರೆ ಗಂಟೆ. ನಾಲ್ಕಕ್ಕೆ ಹೊರಡುವುದು.

ವೇಳಾಪಟ್ಟಿಯ ಕೆಳಗೆ ಎಚ್ಚರಿಕೆಯ ಮಾತುಗಳು ಬರಬೇಕು. "ಎಲ್ಲ ಮುಂಜಾಗ್ರತೆ ವಹಿಸಲಾಗುವುದು" ಎಂದು ಬರೆದು ಕೈತೊಳೆದುಕೊಳ್ಳುವವರೇ ಹೆಚ್ಚು. ಆ ಸಾಲನ್ನು ಕಡಲಿಗೆ ಹೋಗುವವರೂ ಬರೆಯುತ್ತಾರೆ, ಕಾಡಿಗೆ ಹೋಗುವವರೂ ಬರೆಯುತ್ತಾರೆ. ಬ್ರಹ್ಮಗಿರಿಯ ಅಪಾಯಗಳು ಬ್ರಹ್ಮಗಿರಿಯವೇ. ಬಿಸಿಲು, ನೆರಳಿಲ್ಲದ ಬಯಲು. ಬಂಡೆಗಳ ಸಂದಿಯಲ್ಲಿ ಹೆಜ್ಜೇನು ಇರಬಹುದು, ಆದ್ದರಿಂದ ಕಿರುಚಾಟವಿಲ್ಲ, ಕಲ್ಲೆಸೆತವಿಲ್ಲ, ಬೆಂಕಿ ಹಚ್ಚುವುದಿಲ್ಲ. ಗುಂಡುಗಳ ಮೇಲೆ ಹತ್ತುವ ಉಮೇದು ಹುಡುಗರಿಗೆ ಬಂದೇ ಬರುತ್ತದೆ. ಎಲ್ಲ ಮಕ್ಕಳನ್ನೂ ಏಳೇಳು ಮಂದಿಯ ಆರು ಗುಂಪು ಮಾಡಿ, ಒಬ್ಬೊಬ್ಬ ದೊಡ್ಡವರಿಗೆ ಒಂದೂವರೆ ಗುಂಪಿಗಿಂತ ಹೆಚ್ಚು ಬರದಂತೆ ನಾಲ್ವರು ಹೋಗಬೇಕು. ಆ ನಾಲ್ವರಲ್ಲಿ ಇಬ್ಬರಾದರೂ ಶಿಕ್ಷಕಿಯರು. ಪ್ರತಿ ಜಾಗದಲ್ಲೂ ಬಸ್ಸು ಹತ್ತುವ ಮುನ್ನ ಎಣಿಕೆ. ಅಲ್ಲಿಗೆ ಹೋಗಿ ಮುಟ್ಟಿದ ಸುದ್ದಿ, ಅಲ್ಲಿಂದ ಹೊರಟ ಸುದ್ದಿ ಎರಡೂ ಹೆಡ್ ಮೇಷ್ಟ್ರ ಫೋನಿಗೆ. ಹತ್ತಿರದ ದೊಡ್ಡ ಆಸ್ಪತ್ರೆ ಮೊಳಕಾಲ್ಮೂರಿನದು ಎಂದೂ ಬರೆದಿರಬೇಕು.

ಶಾಸನಕ್ಕೂ ಅಪಾಯವಿದೆ, ಅದು ನಮ್ಮ ಮಕ್ಕಳಿಂದಲೇ. ಅಕ್ಷರ ಚೆನ್ನಾಗಿ ಕಾಣಲಿ, ಫೋಟೋ ಬರಲಿ ಎಂದು ಸೀಮೆಸುಣ್ಣ ತುಂಬುವ, ನೀರು ಚಿಮುಕಿಸುವ ಅಭ್ಯಾಸ ದೊಡ್ಡವರಿಗೂ ಉಂಟು. ಅದು ಸಂರಕ್ಷಿತ ಸ್ಮಾರಕ, ಹಾಗೆ ಮಾಡುವಂತಿಲ್ಲ. ಬಿಸಿಲು ಓರೆಯಾಗಿ ಬೀಳುವ ಹೊತ್ತಿನಲ್ಲಿ ಕೊರೆದ ಗೆರೆಗಳಲ್ಲಿ ನೆರಳು ನಿಂತು ಅಕ್ಷರ ತಾನಾಗಿ ಎದ್ದು ಕಾಣುತ್ತದೆ. ಬ್ರಹ್ಮಗಿರಿಯನ್ನು ಬೆಳಗಿನ ಪಾಳಿಗೆ ಇಟ್ಟಿದ್ದಕ್ಕೆ ಇದೂ ಒಂದು ಕಾರಣ ಎಂದು ಪತ್ರದಲ್ಲಿ ಬರೆದರೆ ಚೆಂದ. ಶಾಸನದ ಆವರಣಕ್ಕೆ ಬೀಗವಿದ್ದರೆ ತೆಗೆಯುವವರು ಯಾವ ಹೊತ್ತಿಗೆ ಸಿಗುತ್ತಾರೆ ಎಂದು ಶಿಕ್ಷಕಿ ಒಂದು ಭಾನುವಾರ ಮುಂಚಿತವಾಗಿ ಹೋಗಿ ಕೇಳಿಕೊಂಡು ಬರಬೇಕು. ನೀರು ಎಲ್ಲಿ, ಹುಡುಗಿಯರಿಗೆ ಶೌಚಾಲಯ ಎಲ್ಲಿ, ಊಟಕ್ಕೆ ಕೂರಲು ನೆರಳೆಲ್ಲಿ ಎಂಬುದೂ ಆ ಒಂದೇ ಓಡಾಟದಲ್ಲಿ ತಿಳಿಯುತ್ತದೆ. ಶೌಚಾಲಯದ ವ್ಯವಸ್ಥೆ ಬರೆಯದ ಪತ್ರವನ್ನು ನಾನಂತೂ ವಾಪಸ್ಸು ಕೊಡುತ್ತಿದ್ದೆ. ಇಪ್ಪತ್ತನಾಲ್ಕು ಹುಡುಗಿಯರು ಬೆಳಿಗ್ಗೆಯಿಂದ ನೀರು ಕುಡಿಯದೆ ಕೂತಿದ್ದರೆ ಅವರಿಗೆ ಯಾವ ಅಶೋಕನೂ ಬೇಡ.

ಈಗ ದುಡ್ಡಿನ ಮಾತು. ಬಸ್ಸನ್ನು ಸಾರಿಗೆ ಸಂಸ್ಥೆಯಿಂದ ಸಾಂದರ್ಭಿಕ ಒಪ್ಪಂದದ ಮೇಲೆ ಪಡೆಯುವುದು ಒಳ್ಳೆಯದು. ಡಿಪೋಗೆ ಹೋಗಿ ಘಟಕ ವ್ಯವಸ್ಥಾಪಕರಿಂದ ಅಂದಿನ ದರ ಬರೆಸಿಕೊಂಡು ಬರಬೇಕು, ಹೋದ ವರ್ಷದ ದರ ನಂಬಬಾರದು. ಹೊಸಬರು ಮೋಸಹೋಗುವುದು ಒಂದು ಕಡೆ. ನಾವು ಓಡಿಸುವುದು ನೂರು ನೂರಿಪ್ಪತ್ತು ಕಿಲೋಮೀಟರ್ ಇರಬಹುದು, ಆದರೆ ದಿನಕ್ಕೆ ಇಷ್ಟು ಕಿಲೋಮೀಟರ್ ಎಂದು ಕನಿಷ್ಠ ಬಾಡಿಗೆ ಇರುತ್ತದೆ, ಓಡಿದ್ದು ಕಡಿಮೆಯಾದರೂ ಅಷ್ಟನ್ನು ಕೊಡಲೇಬೇಕು. ಕಿಲೋಮೀಟರಿಗೆ ಇಷ್ಟು ಎಂದು ಗುಣಿಸಿ ಮಕ್ಕಳಿಂದ ಹಣ ಎತ್ತಿದವರು ಕೊನೆಗೆ ತಮ್ಮ ಜೇಬಿನಿಂದ ಹಾಕುತ್ತಾರೆ.

ಲೆಕ್ಕಕ್ಕೆ ಅನುಕೂಲವಾಗಲಿ ಎಂದು ತೆರಿಗೆ ಸೇರಿ ಬಸ್ಸಿಗೆ 16,800 ರೂಪಾಯಿ ಎಂದಿಟ್ಟುಕೊಳ್ಳಿ. 42 ಮಕ್ಕಳಿಗೆ ಹಂಚಿದರೆ ತಲಾ 400. ಶಿಕ್ಷಕರ ಭಾಗವೂ ಅದರಲ್ಲೇ ಸೇರಿಹೋಯಿತು ಎಂದು ಪತ್ರದಲ್ಲಿ ಬಿಚ್ಚಿ ಹೇಳಬೇಕು, ಮುಚ್ಚಿಡಬಾರದು. ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಶುಲ್ಕವಿಲ್ಲ, ಆ ಖರ್ಚು ಉಳಿಯಿತು. ಇನ್ನು ಆರು ಮಕ್ಕಳ ಮನೆಯಲ್ಲಿ 400 ರೂಪಾಯಿ ಹುಟ್ಟುವುದಿಲ್ಲ ಎಂದು ಶಿಕ್ಷಕಿಗೆ ಗೊತ್ತು. ಅಲ್ಲಿಗೆ 2,400 ರೂಪಾಯಿ ಕೊರತೆ. ಹೆಡ್ ಮೇಷ್ಟ್ರಿಂದ ಕೇಳಬೇಕಾದ ಸಹಕಾರದಲ್ಲಿ ಇದೇ ಮೊದಲನೆಯದು. "ಆರ್ಥಿಕ ನೆರವು ನೀಡಬೇಕಾಗಿ ವಿನಂತಿ" ಎಂದರೆ ಅವರಿಗೆ ಏನು ತಿಳಿದೀತು? "2,400 ರೂಪಾಯಿಯನ್ನು ಎಸ್‌ಡಿಎಂಸಿ ಒಪ್ಪಿಗೆಯಿಂದಲೋ ಹಳೆಯ ವಿದ್ಯಾರ್ಥಿಗಳಿಂದಲೋ ಹೊಂದಿಸಿಕೊಡಬೇಕು, ಆ ಮಕ್ಕಳ ಹೆಸರನ್ನು ಪ್ರತ್ಯೇಕ ಮುಚ್ಚಿದ ಲಕೋಟೆಯಲ್ಲಿ ತಮಗೆ ಮಾತ್ರ ಸಲ್ಲಿಸಿದ್ದೇನೆ" ಎಂದರೆ ತಿಳಿಯುತ್ತದೆ. ಲಕೋಟೆ ಯಾಕೆಂದರೆ, ಹಣ ಕೊಡದವರ ಹೆಸರನ್ನು ತರಗತಿಯಲ್ಲಿ ಓದಿದ ದಿನವೇ ಆ ಆರರಲ್ಲಿ ಮೂವರು "ನಮಗೆ ಬರೋಕೆ ಆಗಲ್ಲ ಮಿಸ್, ಊರಲ್ಲಿ ಹಬ್ಬ" ಎಂದುಬಿಡುತ್ತಾರೆ. ಲಿಖಿತ ಅನುಮತಿ ಬರುವವರೆಗೆ ಯಾರಿಂದಲೂ ಹಣ ಪಡೆಯುವುದಿಲ್ಲ, ಪಡೆದದ್ದಕ್ಕೆ ರಸೀದಿ, ಉಳಿದದ್ದು ವಾಪಸ್ಸು ಎಂಬುದನ್ನೂ ಇಲ್ಲೇ ಬರೆಯಬೇಕು.

ಸಹಕಾರ ಎಂದರೆ ದುಡ್ಡು ಮಾತ್ರ ಅಲ್ಲ. ಹೆಡ್ ಮೇಷ್ಟ್ರು ಒಂದು ಮಾತು ಹೇಳಿದರೆ ಆಗುವ, ಶಿಕ್ಷಕಿ ಹತ್ತು ಸಲ ಓಡಾಡಿದರೂ ಆಗದ ಕೆಲಸಗಳಿರುತ್ತವೆ. ಅವನ್ನು ಒಂದೊಂದಾಗಿ ಕೇಳಬೇಕು. ಹೋಗುವ ಶಿಕ್ಷಕರಿಗೆ ಅಂದು ಓ.ಓ.ಡಿ. ಕೊಡಬೇಕು. ಅವರ ಒಂಬತ್ತು ಹತ್ತನೇ ತರಗತಿಯ ಪಿರಿಯಡ್‌ಗಳನ್ನು ಯಾರು ತೆಗೆದುಕೊಳ್ಳುತ್ತಾರೆ ಎಂದು ಆ ಶಿಕ್ಷಕರ ಒಪ್ಪಿಗೆ ರುಜು ಸಮೇತ ಒಂದು ಹಾಳೆ ಲಗತ್ತಿಸಿದರೆ ಸ್ಟಾಫ್ ರೂಮಿನ ಗೊಣಗಾಟ ಅರ್ಧ ನಿಲ್ಲುತ್ತದೆ. ಬಿಸಿಯೂಟದ ಲೆಕ್ಕದಲ್ಲಿ ಅಂದು 42 ಮಕ್ಕಳು ಕಡಿಮೆ ಎಂದು ಅಡುಗೆಯವರಿಗೆ ಹಿಂದಿನ ದಿನವೇ ತಿಳಿಸಬೇಕು. ಮಕ್ಕಳು ಮನೆಯಿಂದ ಬುತ್ತಿ ತರುತ್ತಾರೆ, ತರಲಾಗದವರಿಗೆ ಶಿಕ್ಷಕರು ಹತ್ತು ಬುತ್ತಿ ಹೆಚ್ಚು ಕಟ್ಟಿಕೊಂಡಿರುತ್ತಾರೆ. ಕುಡಿಯುವ ನೀರಿನ ದೊಡ್ಡ ಕ್ಯಾನು, ಶಾಲೆಯ ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಇವನ್ನು ಒಯ್ಯಲು ಅನುಮತಿ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಎಸ್‌ಡಿಎಂಸಿ ಸಭೆಯಲ್ಲಿ ಈ ವಿಷಯ ಇಟ್ಟು ನಡಾವಳಿ ಮಾಡಿಸಿ, ಇಲಾಖೆಯ ಮೇಲಿನ ಕಚೇರಿಗೆ ಬರೆದು ಪೂರ್ವಾನುಮತಿ ತರಿಸಬೇಕು.

ಈ ಕೊನೆಯದಕ್ಕೆ ಸಮಯ ಹಿಡಿಯುತ್ತದೆ. ಪ್ರವಾಸಗಳನ್ನು ಡಿಸೆಂಬರ್ ಒಳಗೆ ಮುಗಿಸಿ ಎಂದು ಇಲಾಖೆ ಹೇಳುವುದು ವಾಡಿಕೆ, ಜನವರಿ ಬಂದರೆ ಪರೀಕ್ಷೆಯ ಗಾಳಿ. ನವೆಂಬರ್ ಕೊನೆಗೆ ಹೋಗಬೇಕೆಂದರೆ ಅಕ್ಟೋಬರಿನಲ್ಲೇ ಪತ್ರ ಕೊಡಬೇಕು. ಶುಕ್ರವಾರ ಕೊಟ್ಟು ಬುಧವಾರ ಹೊರಡುತ್ತೇವೆ ಎನ್ನುವವರಿಗೆ ಅನುಮತಿ ಸಿಗದಿದ್ದರೆ ಹೆಡ್ ಮೇಷ್ಟ್ರನ್ನು ಬೈಯ್ಯುವಂತಿಲ್ಲ.

ಮೊದಲ ಪುಟದ ಪತ್ರ ಮಾತ್ರ ಚಿಕ್ಕದಿರಲಿ. ನಾನು ಹೀಗೆ ಬರೆಸುತ್ತಿದ್ದೆ:

"ಮಾನ್ಯರೇ, ನಮ್ಮ ಶಾಲೆಯ ಎಂಟನೇ ತರಗತಿಯ 42 ವಿದ್ಯಾರ್ಥಿಗಳನ್ನು ನವೆಂಬರ್ ಕೊನೆಯ ವಾರದ ಒಂದು ಕೆಲಸದ ದಿನ ಬ್ರಹ್ಮಗಿರಿ ಮತ್ತು ಸಿದ್ದಾಪುರದ ಅಶೋಕನ ಶಾಸನಗಳ ಅಧ್ಯಯನಕ್ಕೆ ಕರೆದೊಯ್ಯಲು ಅನುಮತಿ ಕೋರುತ್ತೇನೆ. ಬೆಳಿಗ್ಗೆ 7.30ಕ್ಕೆ ಹೊರಟು ಸಂಜೆ 6ರೊಳಗೆ ಮರಳುತ್ತೇವೆ. ಜೊತೆಗೆ ನಾಲ್ವರು ಶಿಕ್ಷಕರಿರುತ್ತೇವೆ, ಇಬ್ಬರು ಮಹಿಳೆಯರು. ನೀರಿಗೆ ಇಳಿಯುವ, ಬೆಟ್ಟ ಹತ್ತುವ ಕಾರ್ಯಕ್ರಮವಿಲ್ಲ. ಸ್ಥಳವನ್ನು ನಾನು ಮೊದಲೇ ನೋಡಿ ಬಂದಿದ್ದೇನೆ. ತಮ್ಮಿಂದ ಬೇಕಾದ ಸಹಕಾರವನ್ನು ಎರಡನೇ ಪುಟದಲ್ಲಿ ಬರೆದಿದ್ದೇನೆ. ಮಕ್ಕಳು ಮಾಡುವ ಕೆಲಸದ ಹಾಳೆ, ವೇಳಾಪಟ್ಟಿ, ಡಿಪೋದ ದರಪತ್ರ, ಪೋಷಕರ ಒಪ್ಪಿಗೆ ಪತ್ರದ ನಮೂನೆ, ಬದಲಿ ಪಿರಿಯಡ್‌ಗಳ ಪಟ್ಟಿ ಲಗತ್ತಿಸಿದೆ."

ಪೋಷಕರ ಒಪ್ಪಿಗೆ ಪತ್ರದ ಬಗ್ಗೆ ಒಂದು ಮಾತು. "ಏನೇ ಆದರೂ ಶಾಲೆ ಹೊಣೆಯಲ್ಲ" ಎಂಬ ಸಾಲನ್ನು ಅದರಲ್ಲಿ ಹಾಕುವ ಚಾಳಿ ಕೆಲವು ಕಡೆ ಇದೆ. ಅದನ್ನು ಬರೆಸಿಕೊಂಡ ಮಾತ್ರಕ್ಕೆ ಹೊಣೆ ತಪ್ಪುತ್ತದೆ ಎಂದು ನಂಬಬೇಡಿ. ಅದು ತಾಯಂದಿರನ್ನು ಹೆದರಿಸುತ್ತದೆ, ಅಷ್ಟೇ. ಅದರ ಜಾಗದಲ್ಲಿ ಕೇಳಬೇಕಾದ್ದು ಬೇರೆ. ಮಗುವಿಗೆ ಉಬ್ಬಸವಿದೆಯೆ, ಫಿಟ್ಸ್ ಇದೆಯೆ, ಬಸ್ಸಿನಲ್ಲಿ ವಾಂತಿಯಾಗುತ್ತದೆಯೆ, ಯಾವ ಮಾತ್ರೆ ತೆಗೆದುಕೊಳ್ಳುತ್ತದೆ, ಸಂಜೆ ಶಾಲೆಯಿಂದ ಕರೆದುಕೊಂಡು ಹೋಗಲು ಯಾರು ಬರುತ್ತಾರೆ. ಹೆಬ್ಬೆಟ್ಟು ಒತ್ತುವ ಅಜ್ಜಿಗೆ ಇದನ್ನು ಓದಿ ಹೇಳಿ, ಉತ್ತರವನ್ನು ಶಿಕ್ಷಕರೇ ತುಂಬಿಕೊಳ್ಳಬೇಕು.

ಇಷ್ಟೆಲ್ಲ ಮಾಡಿದರೂ "ಈ ವರ್ಷ ಬೇಡ" ಎಂಬ ಉತ್ತರ ಬರಬಹುದು. ಆಗ ಮುಖ ಸಣ್ಣದು ಮಾಡಿಕೊಂಡು ಹೊರಬರಬೇಕಿಲ್ಲ. "ಸರ್, ಯಾವ ಅಂಶಕ್ಕೆ ತೊಡಕಾಯಿತು ಎಂದು ಪತ್ರದ ಮೇಲೇ ಒಂದು ಸಾಲು ಬರೆದುಕೊಡಿ" ಎಂದು ವಿನಯವಾಗಿ ಕೇಳಬಹುದು. ತೊಡಕು ಸಾಮಾನ್ಯವಾಗಿ ಒಂದೇ ಇರುತ್ತದೆ. ಬಸ್ಸಿನ ದುಡ್ಡೋ, ಜೊತೆಗೆ ಬರಲು ಶಿಕ್ಷಕಿಯರ ಕೊರತೆಯೋ, ಆ ದಿನ ಬಿದ್ದಿರುವ ತರಬೇತಿಯೋ. ಶಿಕ್ಷಕಿಯರ ಕೊರತೆಯಾದರೆ ಪಕ್ಕದ ಶಾಲೆಯವರನ್ನು ಸೇರಿಸಿಕೊಂಡು ಒಟ್ಟಿಗೆ ಹೋಗುವ ದಾರಿ ಇದೆ. ದಿನದ ತೊಡಕಾದರೆ ಇನ್ನೊಂದು ದಿನ. ದುಡ್ಡೇ ತೊಡಕಾದರೆ ಬಸ್ಸು ಬಿಟ್ಟು, ಊರ ಗುಡಿಯ ಮುಂದೆ ನಿಂತಿರುವ ವೀರಗಲ್ಲಿಗೆ ಅರ್ಧ ದಿನ ನಡೆದು ಹೋಗಿ ಬರಲು ಇದೇ ಪತ್ರವನ್ನು ತಿದ್ದಿ ಬರೆಯಬಹುದು. ಅದಕ್ಕೂ ಉದ್ದೇಶ, ವೇಳೆ, ಜೊತೆಗಿರುವವರ ಹೆಸರು, ಪೋಷಕರ ಒಪ್ಪಿಗೆ ಬೇಕು. ಬಸ್ಸಿನ ದರಪತ್ರವೊಂದು ಬೇಡ.

ಅನುಮತಿ ಸಿಕ್ಕಿ ಹೋಗಿ ಬಂದವರು ವಾರದೊಳಗೆ ಒಂದು ಪುಟದ ವರದಿ, ಬಸ್ಸಿನ ಬಿಲ್ಲು, ಉಳಿಕೆ ಹಣ ಹಂಚಿದ ಪಟ್ಟಿ, ಮಕ್ಕಳ ಕೆಲಸದ ಹಾಳೆಗಳಲ್ಲಿ ನಾಲ್ಕೈದನ್ನು ಸೇರಿಸಿ ಕಡತಕ್ಕೆ ಹಾಕಿಬಿಡಿ. ಮುಂದಿನ ವರ್ಷ ಹೆಡ್ ಮೇಷ್ಟ್ರು ವರ್ಗವಾಗಿ ಹೊಸಬರು ಬಂದಿದ್ದರೆ, ನಿಮ್ಮ ಹೊಸ ಪತ್ರಕ್ಕೆ ಅವರು ಮೊದಲು ಕೇಳುವುದು ಈ ಕಡತವನ್ನು.